ಸಿಟಿ ಸ್ಕ್ಯಾನಿಗೆ ಡೈ ಹಾಕಿಸೋ ಮುಂಚೆ: ಕಿಡ್ನಿ ರಿಪೋರ್ಟು, ಹಳೇ ಅಲರ್ಜಿ, ಒಂದು ಔಷಧಿ ಬಿಲ್ಲು

"ಡೈ ಬ್ಯಾಡ್ರೀ ಸರ, ಕಿಡ್ನಿ ಹೋಗ್ತಾವಂತ. ಸಾದಾ ಸ್ಕ್ಯಾನ್ ಮಾಡ್ರಿ ಸಾಕು."

ರಾಯಚೂರಿನಲ್ಲಿ ಸಿಟಿ ಟೆಕ್ನಿಷಿಯನ್ ಆಗಿರೋ ನಾನು ಈ ಮಾತನ್ನ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಹೇಳೋರು ಸುಮ್ನೆ ಹೇಳಲ್ಲ. ಊರಲ್ಲಿ ಯಾರಿಗೋ ಸ್ಕ್ಯಾನ್ ಆದ ಮೇಲೆ ಡಯಾಲಿಸಿಸ್ ಶುರುವಾಗಿರುತ್ತೆ. ಅವರ ಕಿಡ್ನಿ ಮೊದಲೇ ಹೇಗಿತ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲ್ಲ. ಭಯ ಪೂರ್ತಿ ಸುಳ್ಳಲ್ಲ, ಆದರೆ ಅದು ಎಲ್ಲರಿಗೂ ಅನ್ವಯ ಆಗಲ್ಲ. ಯಾರಿಗೆ ಅನ್ವಯ, ಯಾರಿಗೆ ಇಲ್ಲ ಅಂತ ತಿಳಿಯೋಕೆ ಎರಡೇ ವಿಷಯ ಸರಿಯಾಗಿ ನೋಡಬೇಕು: ಕಿಡ್ನಿ ಈಗ ಹೇಗಿದೆ, ಹಿಂದೆ ಅಲರ್ಜಿ ಆಗಿದ್ದರೆ ಅದು ನಿಖರವಾಗಿ ಯಾವುದಕ್ಕೆ. ಡೈ ಕೊಡಬೇಕೋ ಬೇಡವೋ ಅನ್ನೋ ತೀರ್ಮಾನ ರೇಡಿಯಾಲಜಿಸ್ಟ್ ಡಾಕ್ಟರದ್ದು, ನಂದಲ್ಲ. ಆದರೆ ಆ ತೀರ್ಮಾನಕ್ಕೆ ಬೇಕಾದ ಅರ್ಧ ಮಾಹಿತಿ ನಿಮ್ಮ ಮನೆಯ ಕಪಾಟಿನಲ್ಲೇ ಇರುತ್ತೆ. ಅದನ್ನ ಹೇಗೆ ಹುಡುಕಿ ತರಬೇಕು ಅನ್ನೋದಕ್ಕೆ ಇದನ್ನ ಬರೀತಿದ್ದೀನಿ.

ಒಬ್ಬ ಅಮ್ಮನ ಕಥೆ ಇಟ್ಟುಕೊಂಡು ಹೇಳ್ತೀನಿ. ಸಿಂಧನೂರು ಕಡೆಯವರು, 62 ವರ್ಷ, ತೂಕ 52 ಕೆಜಿ. ಹತ್ತು ವರ್ಷದಿಂದ ಶುಗರ್. ಹೊಟ್ಟೆ ನೋವು ಅಂತ ಸೋನೋಗ್ರಫಿ ಮಾಡಿಸಿದಾಗ ಲಿವರಿನಲ್ಲಿ 4 ಸೆಂಟಿಮೀಟರಿನ ಒಂದು ಗಂಟು ಕಂಡಿತ್ತು. ಏಪ್ರಿಲ್ ತಿಂಗಳು. ಮಗ, ಸೊಸೆ ಇಬ್ಬರೂ ಜೊತೆಗೆ ಬಂದಿದ್ದರು, ಇಬ್ಬರ ಮುಖದಲ್ಲೂ ಒಂದೇ ಪ್ರಶ್ನೆ: ಕ್ಯಾನ್ಸರ್ರಾ?

ಮೊದಲು, ಡೈ ಯಾಕೆ ಅಂತ ಕೇಳಿ

ಡೈ ಅಂದ ತಕ್ಷಣ ಬಣ್ಣ ಅಂದುಕೊಳ್ಳಬೇಡಿ. ಬಾಟ್ಲಿಯಲ್ಲಿ ಅದು ನೀರಿನ ಹಾಗೇ ತಿಳಿಯಾಗಿರುತ್ತೆ, ಸ್ವಲ್ಪ ಮಂದ, ಅಷ್ಟೆ. ಒಳಗಿರೋದು ಅಯೋಡಿನ್ ಸೇರಿಸಿ ಮಾಡಿದ ಔಷಧಿ. ಅಯೋಡಿನ್ ಭಾರದ ಧಾತು, ಎಕ್ಸ್‌ರೇ ಕಿರಣವನ್ನ ಚೆನ್ನಾಗಿ ತಡೆಯುತ್ತೆ. ಹಾಗಾಗಿ ಅದು ಬೆರೆತ ರಕ್ತ ಎಲ್ಲೆಲ್ಲಿ ಹೋಗುತ್ತೋ ಅಲ್ಲಲ್ಲಿ ಚಿತ್ರ ಬೆಳ್ಳಗಾಗುತ್ತೆ. ಡೈ ಇಲ್ಲದ ಸ್ಕ್ಯಾನಿನಲ್ಲಿ ಲಿವರ್ ಒಂದು ಬೂದು ಬಣ್ಣ, ಅದರೊಳಗಿನ ಗಂಟೂ ಹೆಚ್ಚುಕಮ್ಮಿ ಅದೇ ಬೂದು. ಗಂಟು ಇದೆ ಅಂತ ಗೊತ್ತಾಗಬಹುದು, ಏನು ಗಂಟು ಅಂತ ಗೊತ್ತಾಗಲ್ಲ.

ನಮ್ಮ ಕಡೆಯವರಿಗೆ ಇದನ್ನ ಕಾಲುವೆ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಯಾರ ಹೊಲಕ್ಕೆ ಮೊದಲು ಬಂತು, ಟೇಲ್ ಎಂಡಿಗೆ ಎಷ್ಟು ದಿನಕ್ಕೆ ಮುಟ್ಟಿತು ಅಂತ ನೋಡಿದರೆ ಯಾವ ಹೊಲ ಯಾವ ತೂಬಿಗೆ ಸೇರಿದ್ದು ಅಂತ ಹೇಳಬಹುದು, ಅಲ್ವಾ? ಲಿವರಿಗೆ ಅಂಥ ಎರಡು ಕಾಲುವೆ ಇವೆ. ಒಂದು, ಹೃದಯದ ಕಡೆಯಿಂದ ಬರೋ ರಕ್ತನಾಳ, ಅದರಿಂದ ಬರೋದು ಸುಮಾರು ಕಾಲು ಭಾಗ ರಕ್ತ. ಇನ್ನೊಂದು ಕರುಳಿನಿಂದ ಬರೋ ದೊಡ್ಡ ನಾಳ, ಉಳಿದ ಮುಕ್ಕಾಲು ಭಾಗ ಅದರದ್ದು. ಡೈ ಕೊಟ್ಟ ಮೇಲೆ ಸುಮಾರು 30–35 ಸೆಕೆಂಡಿಗೆ ಮೊದಲನೇ ಕಾಲುವೆಯ ನೀರು ಕಾಣುತ್ತೆ, 70 ಸೆಕೆಂಡಿನ ಹೊತ್ತಿಗೆ ಎರಡನೆಯದು ತುಂಬಿ ಇಡೀ ಲಿವರ್ ಬೆಳ್ಳಗಾಗುತ್ತೆ.

ಲಿವರಿನಲ್ಲೇ ಹುಟ್ಟೋ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲನೇ ಕಾಲುವೆಯಿಂದಲೇ ನೀರು ಎಳೆಯುತ್ತೆ. ಹಾಗಾಗಿ ಅದು ಬೇಗ ಹೊಳೆಯುತ್ತೆ, ಸುತ್ತಲಿನ ಲಿವರ್ ತುಂಬೋ ಹೊತ್ತಿಗೆ ತಾನು ಮಸುಕಾಗುತ್ತೆ. ರಕ್ತನಾಳಗಳ ಗೋಜಲಿನಂಥ ಸಾಧು ಗಂಟು ಇನ್ನೊಂದಿದೆ, ಹೆಮಾಂಜಿಯೋಮ ಅಂತ ಹೆಸರು. ಅದು ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಶುರುವಾಗಿ, ನಿಧಾನಕ್ಕೆ ಒಳಗೆ ತುಂಬಿಕೊಂಡು, ಕೆಲವು ನಿಮಿಷದ ನಂತರವೂ ಬೆಳ್ಳಗೇ ಇರುತ್ತೆ. ಅಂದರೆ ಉತ್ತರ ಇರೋದು ಗಂಟಿನ ಆಕಾರದಲ್ಲಿ ಅಲ್ಲ, ಅದು ತುಂಬೋ ಹೊತ್ತಿನಲ್ಲಿ. ಈ ಅಮ್ಮನಿಗೆ ಫ್ಯಾಟಿ ಲಿವರ್ ಬೇರೆ ಇತ್ತು. ಲಿವರಿನಲ್ಲಿ ಕೊಬ್ಬು ಜಾಸ್ತಿ ಇದ್ದರೆ ಸೋನೋಗ್ರಫಿಯಲ್ಲಿ ಹೆಮಾಂಜಿಯೋಮ ಎಂದಿನ ಹಾಗೆ ಬೆಳ್ಳಗೆ ಕಾಣದೆ ಕಪ್ಪಾಗಿ ಕಾಣಬಹುದು. ಅದಕ್ಕೇ ಡಾಕ್ಟರಿಗೆ ಅನುಮಾನ ಬಂದಿದ್ದು. ಇವರಿಗೆ ಡೈ ಇಲ್ಲದ ಸಿಟಿ ಮಾಡಿದ್ದರೆ ದುಡ್ಡೂ ದಂಡ, ರೇಡಿಯೇಶನ್ನೂ ದಂಡ.

ಹಾಗಂತ ಎಲ್ಲಕ್ಕೂ ಡೈ ಬೇಕಿಲ್ಲ. ಕಿಡ್ನಿ ಕಲ್ಲಿಗೆ, ತಲೆಗೆ ಪೆಟ್ಟು ಬಿದ್ದು ರಕ್ತಸ್ರಾವ ಆಗಿದೆಯಾ ಅಂತ ಮೊದಲು ನೋಡೋಕೆ, ಮೂಳೆ ಮುರಿತಕ್ಕೆ ಸಾದಾ ಸ್ಕ್ಯಾನೇ ಸಾಕು. ಕಲ್ಲು ತಾನೇ ಬೆಳ್ಳಗಿರುತ್ತೆ, ಡೈ ಹಾಕಿದರೆ ಮುಚ್ಚಿಹೋಗೋ ಸಾಧ್ಯತೆಯೇ ಜಾಸ್ತಿ. ಆದ್ದರಿಂದ ಚೀಟಿ ಬರೆದ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: "ಡೈ ಹಾಕಿದರೆ ನಿಮಗೆ ಹೊಸದಾಗಿ ಏನು ಗೊತ್ತಾಗುತ್ತೆ ಸರ್?" ಒಂದು ಸಾಲಿನಲ್ಲಿ ಉತ್ತರ ಸಿಗುತ್ತೆ. ಸಿಗಬೇಕು.

ಕ್ರಿಯಾಟಿನಿನ್ ಒಂದನ್ನೇ ನೋಡಿ ಹೆದರಬೇಡಿ, ಸಮಾಧಾನವೂ ಪಡಬೇಡಿ

ರಕ್ತಕ್ಕೆ ಹೋದ ಡೈ ಹೊರಗೆ ಬರೋದು ಕಿಡ್ನಿ ಮೂಲಕ, ಮೂತ್ರದಲ್ಲಿ. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಎರಡು ಗಂಟೆಗೆ ಅರ್ಧ ಖಾಲಿ, ಒಂದು ದಿನದಲ್ಲಿ ಹೆಚ್ಚುಕಮ್ಮಿ ಪೂರ್ತಿ ಖಾಲಿ. ಅದಕ್ಕೇ ಮೊದಲು ಕಿಡ್ನಿ ಟೆಸ್ಟ್ ಕೇಳೋದು.

ಎಲ್ಲರೂ ತರೋ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಅಂತ ಒಂದು ಅಂಕಿ ಇರುತ್ತೆ. ಇದು ಸ್ನಾಯುಗಳಿಂದ ಬರೋ ಕಸ, ಕಿಡ್ನಿ ಅದನ್ನ ಹೊರಗೆ ಹಾಕುತ್ತೆ. ಸ್ನಾಯು ಜಾಸ್ತಿ ಇರೋರಿಗೆ ಕಸ ಜಾಸ್ತಿ, ಬಡಕಲು ದೇಹಕ್ಕೆ ಕಮ್ಮಿ. ಹಾಗಾಗಿ ಒಂದೇ ಅಂಕಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. 1.4 ಅಂತ ಇಟ್ಟುಕೊಳ್ಳಿ. ವಯಸ್ಸು, ಹೆಣ್ಣೋ ಗಂಡೋ ಅನ್ನೋದನ್ನ ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ ಅನ್ನೋ ಇನ್ನೊಂದು ಅಂಕಿ ಸಿಗುತ್ತೆ, ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನೋದರ ಅಂದಾಜು. 2021ರ ಸೂತ್ರದ ಪ್ರಕಾರ 1.4 ಕ್ರಿಯಾಟಿನಿನ್ ಇರೋ 30 ವರ್ಷದ ಗಂಡಸಿಗೆ ಇದು ಸುಮಾರು 69. 62 ವರ್ಷದ ಗಂಡಸಿಗೆ 57. ಅದೇ 62 ವರ್ಷದ ಹೆಂಗಸಿಗೆ 43ರ ಹತ್ತಿರ. ರಿಪೋರ್ಟ್ ಹಾಳೆಯಲ್ಲಿ ಮೂವರದ್ದೂ ಒಂದೇ 1.4. ಇಜಿಎಫ್‌ಆರ್ ನಿಮ್ಮ ರಿಪೋರ್ಟಿನಲ್ಲಿ ಪ್ರಿಂಟ್ ಆಗಿಲ್ಲ ಅಂದರೆ ಲ್ಯಾಬಿನವರನ್ನೋ ಸ್ಕ್ಯಾನ್ ಸೆಂಟರಿನವರನ್ನೋ ಕೇಳಿ, ಅರ್ಧ ನಿಮಿಷದ ಕೆಲಸ.

ಈಗ ಗೆರೆ ಎಲ್ಲಿ ಎಳೆಯೋದು? ರಕ್ತನಾಳಕ್ಕೆ ಚುಚ್ಚಿ ಕೊಡೋ ಸಿಟಿ ಡೈಗೆ ಮುಖ್ಯ ಗೆರೆ 30. ಅದಕ್ಕಿಂತ ಕಮ್ಮಿ ಇದ್ದರೆ ನಿಜವಾದ ಎಚ್ಚರ ಬೇಕು, ಡೈ ಬಿಟ್ಟು ಬೇರೆ ದಾರಿ ಇದೆಯಾ ಅಂತ ನೋಡ್ತಾರೆ, ಇಲ್ಲದಿದ್ದರೆ ಸಲೈನ್ ಕೊಟ್ಟು ತಯಾರಿ ಮಾಡಿಕೊಂಡು ಮಾಡ್ತಾರೆ. 45ಕ್ಕಿಂತ ಮೇಲಿದ್ದರೆ ಕಿಡ್ನಿ ಕಾರಣಕ್ಕೆ ಡೈ ನಿಲ್ಲಿಸೋ ಪ್ರಶ್ನೆ ಸಾಮಾನ್ಯವಾಗಿ ಬರಲ್ಲ. ನಡುವಿನ 30ರಿಂದ 44 ಇದೆಯಲ್ಲ, ಅದು ಡಾಕ್ಟರ್ ರೋಗಿಯನ್ನ ನೋಡಿ ತೂಗಬೇಕಾದ ಜಾಗ. ಹಿಂದೆ ಸೂಜಿ ತಾಗಿದರೆ ಸಾಕು ಕಿಡ್ನಿ ಹೋಯಿತು ಅನ್ನೋ ಹಾಗೆ ಭಯ ಇತ್ತು. ಆಮೇಲೆ ಡೈ ಇಲ್ಲದೆ ಸ್ಕ್ಯಾನ್ ಮಾಡಿಸಿಕೊಂಡ ರೋಗಿಗಳನ್ನೂ ಪಕ್ಕಕ್ಕಿಟ್ಟು ಹೋಲಿಸಿ ನೋಡಿದರು. ಅವರಲ್ಲೂ ಕ್ರಿಯಾಟಿನಿನ್ ಏರಿರೋದು ಕಂಡಿತು. ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದವರ ಕಿಡ್ನಿ ಏರುಪೇರಾಗೋಕೆ ಸೋಂಕು, ನೀರಿಲ್ಲದಿರೋದು, ಬಿಪಿ ಬೀಳೋದು, ಹೀಗೆ ಬೇಕಾದಷ್ಟು ಕಾರಣ ಇರುತ್ತೆ. ಎಲ್ಲ ತಪ್ಪೂ ಡೈ ತಲೆಗೆ ಕಟ್ಟಿದ್ದು ಸರಿಯಲ್ಲ ಅಂತ ಗೊತ್ತಾದ ಮೇಲೆ ಗೆರೆ ಕೆಳಗೆ ಬಂತು.

ಅಂಕಿ ಓಡುತ್ತಿದ್ದರೆ ಲೆಕ್ಕ ನಂಬಬೇಡಿ

ನನ್ನ ಪ್ರಕಾರ ಜನ ತಪ್ಪೋದು, ಕೆಲವು ಸಲ ನಾವೂ ತಪ್ಪೋದು ಇಲ್ಲೇ. ನಮ್ಮ ಅಮ್ಮನ ಕ್ರಿಯಾಟಿನಿನ್ ಬಂದಿದ್ದು 1.9. ಇಜಿಎಫ್‌ಆರ್ ಸುಮಾರು 29. ಗೆರೆಗಿಂತ ಒಂದು ಕೂದಲು ಕೆಳಗೆ. "ಆಗಲ್ಲ" ಅಂತ ವಾಪಸ್ ಕಳಿಸಿದ್ದರೆ ಅಲ್ಲಿಗೆ ಕಥೆ ಮುಗೀತಿತ್ತು.

ಆದರೆ ಡಾಕ್ಟರು ಕೂರಿಸಿ ಕೇಳಿದರು. ಮೂರು ತಿಂಗಳ ಹಿಂದಿನ ಶುಗರ್ ತಪಾಸಣೆಯ ಹಾಳೆ ಸೊಸೆಯ ಚೀಲದಲ್ಲಿತ್ತು, ಅದರಲ್ಲಿ 1.3. ಮೂರು ತಿಂಗಳಲ್ಲಿ ಏನಾಯ್ತು? ಕೆದಕಿದಾಗ ಒಂದೊಂದೇ ಬಂತು. ನಾಲ್ಕು ದಿನದ ಹಿಂದೆ ಒಂದು ಮದುವೆ ಊಟ ಮಾಡಿ ವಾಂತಿ, ಭೇದಿ. ಆ ಬಿಸಿಲಲ್ಲಿ ಹೊಟ್ಟೆಗೆ ನೀರೂ ಇಳಿದಿರಲಿಲ್ಲ. ಜೊತೆಗೆ ಮಂಡಿ ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫಿನಾಕ್, ದಿನಕ್ಕೆ ಎರಡು, ಹದಿನೈದು ದಿನದಿಂದ.

"ಆ ಗುಳಿಗಿನೂ ಹೇಳಬೇಕಾ ಸರ? ಅದು ಮಂಡಿ ನೋವಿಂದು ರೀ, ಹೊಟ್ಟಿದಲ್ಲ," ಅಂದರು ಅಮ್ಮ.

ಹೇಳಬೇಕು. ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆ ಕಿಡ್ನಿಗೆ ಹೋಗೋ ರಕ್ತವನ್ನ ಕಮ್ಮಿ ಮಾಡುತ್ತೆ, ದೇಹದಲ್ಲಿ ನೀರಿಲ್ಲದಾಗ ಆ ಹೊಡೆತ ಇನ್ನೂ ಜೋರು. ಇವರ ಕಿಡ್ನಿಗೆ ಆಗಿದ್ದು ಹೊಸ ಪೆಟ್ಟು, ಇನ್ನೂ ಮಾಯದ ಪೆಟ್ಟು. ಇಜಿಎಫ್‌ಆರ್ ಸೂತ್ರ ಕೆಲಸ ಮಾಡೋದು ಕ್ರಿಯಾಟಿನಿನ್ ಒಂದೇ ಕಡೆ ನಿಂತಿದ್ದಾಗ. ಅದು ಏರ್ತಾನೋ ಇಳೀತಾನೋ ಇದ್ದರೆ ಲೆಕ್ಕ ಸುಳ್ಳು ಹೇಳುತ್ತೆ. ಏರುತ್ತಿರೋವಾಗ ಕಿಡ್ನಿ ನಿಜದಲ್ಲಿ ಆ ಅಂಕಿಗಿಂತ ಕೆಟ್ಟಿರುತ್ತೆ, ಯಾಕೆಂದರೆ ಕಸ ಇನ್ನೂ ತುಂಬುತ್ತಾ ಇರುತ್ತೆ, ಅಂಕಿ ಹಿಂದೆ ಬಿದ್ದಿರುತ್ತೆ. ಅದಕ್ಕೇ ಹೊಸ ಪೆಟ್ಟು ಅಂತ ಅನುಮಾನ ಬಂದರೆ ಇಜಿಎಫ್‌ಆರ್ 50 ಇದ್ದರೂ ಅವಸರ ಇಲ್ಲದ ಸ್ಕ್ಯಾನನ್ನ ಮುಂದೆ ಹಾಕ್ತಾರೆ.

ಗಂಟು ಮೂರು ದಿನದಲ್ಲಿ ಎಲ್ಲೂ ಓಡಿಹೋಗಲ್ಲ. ನೋವಿನ ಗುಳಿಗೆ ನಿಂತಿತು, ಅವರ ಫಿಸಿಶಿಯನ್ ಸಲೈನ್ ಹಾಕಿಸಿದರು. ಮೂರು ದಿನ ಬಿಟ್ಟು ಬಂದ ಅಂಕಿ 1.4. ಮರುದಿನ ಮತ್ತೆ ನೋಡಿದರೂ 1.4. ನಿಂತಿತು. ಇಜಿಎಫ್‌ಆರ್ 43. ಈಗ ಮಾತಾಡಬಹುದು.

ಇಲ್ಲಿಂದ ನೀವು ಮಾಡಬೇಕಾದ್ದು ಇಷ್ಟು. ಸ್ಕ್ಯಾನಿಗೆ ಹೋಗುವಾಗ ಹೊಸ ರಿಪೋರ್ಟ್ ಜೊತೆ ಒಂದು ಹಳೇ ಕ್ರಿಯಾಟಿನಿನ್ ರಿಪೋರ್ಟೂ ಒಯ್ಯಿರಿ, ಎಷ್ಟೇ ಹಳೇದಿರಲಿ. ಒಂದು ಅಂಕಿ ಚುಕ್ಕೆ, ಎರಡು ಅಂಕಿ ಇದ್ದರೆ ದಾರಿ ಕಾಣುತ್ತೆ. ಹಿಂದಿನ ಒಂದು ವಾರದಲ್ಲಿ ವಾಂತಿ, ಭೇದಿ, ಜ್ವರ ಬಂದಿದ್ದರೆ ಯಾರೂ ಕೇಳದಿದ್ದರೂ ಹೇಳಿ. ತಿನ್ನೋ ಎಲ್ಲಾ ಗುಳಿಗೆಯ ಶೀಟನ್ನೂ, ಅಂಗಡಿಯಿಂದ ನೀವೇ ತಂದಿದ್ದನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಬನ್ನಿ.

ಶುಗರಿನ ಮೆಟ್‌ಫಾರ್ಮಿನ್ ಬಗ್ಗೆ ಜನರಲ್ಲಿ ಗೊಂದಲ ಜಾಸ್ತಿ. ಅದು ಡೈ ಜೊತೆ ಸೇರಿ ವಿಷ ಆಗಲ್ಲ, ಕಿಡ್ನಿಯನ್ನೂ ಕೆಡಿಸಲ್ಲ. ಒಂದು ವೇಳೆ ಕಿಡ್ನಿ ನಿಧಾನ ಆದರೆ ಗುಳಿಗೆ ಒಳಗೇ ಉಳಿದು ರಕ್ತದಲ್ಲಿ ಆಮ್ಲ ಏರೋ ಅಪಾಯ, ಅದಕ್ಕೆ ನಿಲ್ಲಿಸೋದು. ಇಜಿಎಫ್‌ಆರ್ 30ಕ್ಕಿಂತ ಕಮ್ಮಿ ಇದ್ದರೆ, ಅಥವಾ ಕಿಡ್ನಿಗೆ ಹೊಸ ಪೆಟ್ಟು ಆಗಿದ್ದರೆ, ಸ್ಕ್ಯಾನ್ ದಿನದಿಂದ 48 ಗಂಟೆ ನಿಲ್ಲಿಸಿ, ಮತ್ತೆ ಟೆಸ್ಟ್ ಮಾಡಿ ಸರಿ ಇದ್ದರೆ ಶುರು ಮಾಡ್ತಾರೆ. 30ರಿಂದ 60ರ ಒಳಗಿರೋರಿಗೂ ಕೆಲವು ಡಾಕ್ಟರು ನಿಲ್ಲಿಸ್ತಾರೆ, ಕೆಲವರು ಇಲ್ಲ, ಎರಡಕ್ಕೂ ಆಧಾರ ಇದೆ. ನಮ್ಮ ಅಮ್ಮನಿಗೆ ಈಗಷ್ಟೇ ಪೆಟ್ಟು ಮಾಯ್ದಿದ್ದರಿಂದ ನಿಲ್ಲಿಸಿದರು. ನೀವೇ ನಿರ್ಧರಿಸಿ ವಾರಗಟ್ಟಲೆ ಬಿಟ್ಟುಬಿಡಬೇಡಿ, ಹಾಗೆ ಬಿಟ್ಟು ಶುಗರ್ 400 ಮಾಡಿಕೊಂಡು ಬಂದವರನ್ನೂ ನೋಡಿದ್ದೀನಿ.

ಅಲರ್ಜಿ ಅಂದರೆ ಮೂರು ಪ್ರಶ್ನೆ

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸೋ ಹೊತ್ತಿಗೆ ಮಗ ಹೇಳಿದ: "ಸರ, ಎರಡು ವರ್ಷದ ಹಿಂದ ಒಮ್ಮಿ ಸ್ಕ್ಯಾನ್ ಮಾಡಿಸಿದ್ವಿ, ಆಗ ಅವ್ವಗ ಮೈತುಂಬ ಗಂಧಿ ಎದ್ದಿದ್ವು. ಸಿಗಡಿ ತಿಂದ್ರೂ ಏಳ್ತಾವ. ಅಯೋಡಿನ್ ಆಗಂಗಿಲ್ಲೇನೋ."

ಒಂದೇ ಉಸಿರಿಗೆ ಎರಡು ಬೇರೆ ವಿಷಯ ಹೇಳಿದ, ಒಂದು ಬಹಳ ಮುಖ್ಯ, ಇನ್ನೊಂದು ಮುಖ್ಯವೇ ಅಲ್ಲ.

ಸಿಗಡಿ ವಿಷಯ ಮೊದಲು ಮುಗಿಸಿಬಿಡೋಣ. ಸಿಗಡಿ, ಏಡಿ ತಿಂದು ಅಲರ್ಜಿ ಆಗೋದು ಅದರೊಳಗಿನ ಪ್ರೋಟೀನಿಗೆ, ಅಯೋಡಿನ್ನಿಗೆ ಅಲ್ಲ. ಗಾಯಕ್ಕೆ ಹಚ್ಚೋ ಅಯೋಡಿನ್ ಇರೋ ಕಂದು ಔಷಧಿ ಚರ್ಮ ಸುಟ್ಟ ಹಾಗೆ ಮಾಡಿದ್ದರೂ ಅದಕ್ಕೂ ಡೈಗೂ ಸಂಬಂಧ ಇಲ್ಲ. ಅಯೋಡಿನ್ನೇ ಆಗಲ್ಲ ಅನ್ನೋ ಮನುಷ್ಯ ಇರೋಕೆ ಸಾಧ್ಯವಿಲ್ಲ, ದಿನಾ ತಿನ್ನೋ ಉಪ್ಪಿನಲ್ಲಿದೆ, ನಮ್ಮ ಥೈರಾಯ್ಡ್ ಹಾರ್ಮೋನಿನಲ್ಲೇ ಇದೆ. ಆಸ್ತಮಾ ಇದ್ದರೆ, ಬೇರೆ ಔಷಧಿಗೆ ಜೋರು ಅಲರ್ಜಿ ಇದ್ದರೆ ಅಪಾಯ ಸ್ವಲ್ಪ ಜಾಸ್ತಿ, ಖಂಡಿತ ಹೇಳಿ, ಆದರೆ ಅದೊಂದೇ ಕಾರಣಕ್ಕೆ ಡೈ ನಿಲ್ಲಿಸಲ್ಲ.

ಹಿಂದೆ ಡೈಗೇ ಗಂಧೆ ಎದ್ದಿದ್ದು ಬೇರೆ ಲೆಕ್ಕ. ಮುಂದೆ ಆಗಬಹುದಾದ ರಿಯಾಕ್ಷನ್ನಿಗೆ ಇದಕ್ಕಿಂತ ದೊಡ್ಡ ಸೂಚನೆ ಇಲ್ಲ. ಇಲ್ಲಿ ಮೂರು ಪ್ರಶ್ನೆಗೆ ಉತ್ತರ ಬೇಕು. ಯಾವ ಡೈ? ನಿಖರವಾಗಿ ಏನಾಯ್ತು? ಎಷ್ಟು ಹೊತ್ತಿಗೆ ಆಯ್ತು, ಹೇಗೆ ಹೋಯ್ತು?

ಎರಡನೇ ಪ್ರಶ್ನೆಗೆ ಜನ ಕೊಡೋ ಉತ್ತರ ಕೇಳಿದರೆ ಅರ್ಧಕ್ಕರ್ಧ ಅಲರ್ಜಿಯೇ ಆಗಿರಲ್ಲ. ಮೈ ಬಿಸಿ ಏರಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು, ವಾಕರಿಕೆ ಬಂತು ಅಂದರೆ ಅದು ಔಷಧಿಯ ಗುಣ, ಅಲರ್ಜಿ ಅಲ್ಲ. ಅದನ್ನ ಅಲರ್ಜಿ ಅಂತ ಫೈಲಿನಲ್ಲಿ ಬರೆಸಿಕೊಂಡು ಬೇಕಾದ ಸ್ಕ್ಯಾನ್ ತಪ್ಪಿಸಿಕೊಂಡವರಿದ್ದಾರೆ. ಗಂಧೆ, ತುರಿಕೆ ಅಂದರೆ ಅಲರ್ಜಿ, ಸೌಮ್ಯ ಜಾತಿಯದು. ಮುಖ, ಗಂಟಲು ಊದಿದ್ದು, ಉಸಿರಾಟಕ್ಕೆ ಸೀಟಿ ಹೊಡೆದದ್ದು, ಬಿಪಿ ಬಿದ್ದು ಎಚ್ಚರ ತಪ್ಪಿದ್ದು ಅಂದರೆ ತೀವ್ರ. ತೀವ್ರ ಆಗಿದ್ದವರಿಗೆ ಮೊದಲು ಹುಡುಕೋದೇ ಈ ಅಯೋಡಿನ್ ಡೈ ಇಲ್ಲದ ಬೇರೆ ತಪಾಸಣೆ, ಲಿವರ್ ಗಂಟಿಗಾದರೆ ಎಂಆರ್‌ಐ ಇದೆ. ಬೇರೆ ದಾರಿ ಇಲ್ಲವೇ ಇಲ್ಲ ಅಂದರೆ ಮಾತ್ರ, ಅದೂ ಐಸಿಯು ಇರೋ ಆಸ್ಪತ್ರೆಯಲ್ಲಿ.

ಈ ಅಮ್ಮನಿಗೆ ಹತ್ತು ನಿಮಿಷಕ್ಕೆ ಗಂಧೆ ಎದ್ದು, ಒಂದು ಇಂಜೆಕ್ಷನ್ನಿಗೆ ಗಂಟೆಯೊಳಗೆ ಇಳಿದಿತ್ತು. ಉಸಿರಿಗೆ ಏನೂ ಆಗಿರಲಿಲ್ಲ. ಸೌಮ್ಯ. ಸರಿ, ಯಾವ ಡೈ? ಹಳೇ ರಿಪೋರ್ಟಿನಲ್ಲಿ "ಕಾಂಟ್ರಾಸ್ಟ್ ಕೊಡಲಾಗಿದೆ", ಅಂದರೆ ಡೈ ಕೊಟ್ಟಿದ್ದಾರೆ, ಅಂತ ಮಾತ್ರ ಇತ್ತು. ಹೆಸರಿಲ್ಲ, ಪ್ರಮಾಣ ಇಲ್ಲ, ಗಂಧೆ ಎದ್ದ ಬಗ್ಗೆ ಒಂದು ಅಕ್ಷರ ಇಲ್ಲ. ಯಾವ ಊರಿನ ಯಾವ ಸೆಂಟರ್ ಅಂತ ನಾನು ಹೇಳಲ್ಲ, ಬೇಜಾರಂತೂ ಆಯ್ತು.

ಉಳಿಸಿದ್ದು ಸೊಸೆ. "ಆವತ್ತು ಇಂಜೆಕ್ಷನ್ ನಾವs ಹೊರಗಿನ ಮೆಡಿಕಲ್ ಶಾಪಿಂದ ತಂದುಕೊಟ್ಟಿದ್ವಿ," ಅಂದರು. ಬಿಲ್ಲು ಮನೆಯಲ್ಲಿತ್ತು. ಪಕ್ಕದ ಮನೆ ಹುಡುಗ ಫೋಟೋ ತೆಗೆದು ಕಳಿಸಿದ. ಮಸುಕು ಅಕ್ಷರ, ಆದರೂ ಓದೋಕೆ ಬಂತು: ಅಯೋಹೆಕ್ಸಾಲ್.

ಆ ಒಂದು ಹೆಸರಿನಿಂದ ಏನು ಉಪಯೋಗ ಗೊತ್ತಾ? ರಿಯಾಕ್ಷನ್ ಮತ್ತೆ ಆಗದ ಹಾಗೆ ತಡೆಯೋಕೆ ಇರೋ ಒಳ್ಳೇ ಉಪಾಯ ಔಷಧಿ ಬದಲಾಯಿಸೋದು. ಆದರೆ ಕಣ್ಣು ಮುಚ್ಚಿ ಬದಲಾಯಿಸಿದರೆ ಆಗಲ್ಲ. ಅಯೋಹೆಕ್ಸಾಲ್ ಆಗಲಿಲ್ಲ ಅಂತ ಅಯೋಡಿಕ್ಸನಾಲ್ ಕೊಟ್ಟರೆ ಅದು ಹೆಸರಿಗೆ ಮಾತ್ರ ಬೇರೆ, ಎರಡರ ಅಣುವಿಗೂ ಒಂದೇ ಥರದ ಕವಲು ಇದೆ, ಒಂದೇ ಮನೆತನ ಅನ್ನಿ. ಅದಕ್ಕೂ ಗಂಧೆ ಏಳೋ ಸಾಧ್ಯತೆ ಇರುತ್ತೆ. ಅಯೋಪಮಿಡಾಲ್ ಕವಲು ಬೇರೆ. ನಮ್ಮ ಡಾಕ್ಟರು ಅದನ್ನೇ ಆರಿಸಿದರು. ಬಿಲ್ಲು ಸಿಗದಿದ್ದರೆ ಇದು ಬರೀ ಊಹೆಯಾಗ್ತಿತ್ತು.

ಸ್ಟಿರಾಯ್ಡ್ ಗುಳಿಗೆ ಕೊಟ್ಟು ತಯಾರು ಮಾಡೋ ಪದ್ಧತಿಯೂ ಇದೆ. ಹಳೇ ಕ್ರಮದಲ್ಲಿ 50 ಮಿಲಿಗ್ರಾಂ ಗುಳಿಗೆಯನ್ನ ಸ್ಕ್ಯಾನಿಗೆ 13, 7, 1 ಗಂಟೆ ಮುಂಚೆ ಕೊಡ್ತಾರೆ, ಕೊನೆಯದರ ಜೊತೆ ಅಲರ್ಜಿ ಔಷಧಿ. ಬೆಳಗ್ಗೆ 11ಕ್ಕೆ ಸ್ಕ್ಯಾನ್ ಅಂದರೆ ಹಿಂದಿನ ರಾತ್ರಿ 10ಕ್ಕೆ, ನಸುಕಿನ 4ಕ್ಕೆ, ಬೆಳಗ್ಗೆ 10ಕ್ಕೆ. ಸ್ಕ್ಯಾನಿಗೆ ಅರ್ಧ ಗಂಟೆ ಮುಂಚೆ ಒಂದು ಸೂಜಿ ಚುಚ್ಚಿಸಿಕೊಂಡು "ಅಲರ್ಜಿಗೆ ಹಾಕಿಸಿದ್ದೀವಿ" ಅಂತ ಬರೋರಿದ್ದಾರೆ, ಸ್ಟಿರಾಯ್ಡ್ ಕೆಲಸ ಶುರು ಮಾಡೋಕೆ ಗಂಟೆಗಳು ಬೇಕು, ಅದು ಹೆಚ್ಚು ಪ್ರಯೋಜನಕ್ಕೆ ಬರಲ್ಲ. ಸೌಮ್ಯ ರಿಯಾಕ್ಷನ್ ಆಗಿದ್ದವರಿಗೆ ಔಷಧಿ ಬದಲಾಯಿಸಿದರೆ ಸಾಕು, ಸ್ಟಿರಾಯ್ಡ್ ಬೇಡ ಅನ್ನೋ ಕಡೆಗೆ ಈಚೆಗೆ ಒಲವು ಜಾಸ್ತಿ. ಅಮ್ಮನಿಗೆ ಶುಗರ್ ಇದ್ದಿದ್ದರಿಂದ, ಸ್ಟಿರಾಯ್ಡ್ ಅದನ್ನ ಏರಿಸುತ್ತೆ ಅಂತ, ಡಾಕ್ಟರು ಬೇಡ ಅಂದರು. ಇನ್ನೊಬ್ಬ ಡಾಕ್ಟರು ಕೊಡ್ತಿದ್ದರೇನೋ. ಕೊಟ್ಟರೂ ಅದು ಪೂರ್ತಿ ರಕ್ಷಾಕವಚ ಅಲ್ಲ.

ಆ ದಿನ

"ರಾತ್ರಿಯಿಂದ ಹನಿ ನೀರೂ ಕುಡಿಸಿಲ್ಲ ಸರ" ಅಂತ ಹೆಮ್ಮೆಯಿಂದ ಹೇಳೋರನ್ನ ನೋಡಿದರೆ ನನಗೆ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ. ರಾಯಚೂರಿನ ಬೇಸಿಗೆಯಲ್ಲಿ, ಅದೂ ಕಿಡ್ನಿ ನಾಜೂಕಿರೋರಿಗೆ, ಇದಕ್ಕಿಂತ ಕೆಟ್ಟ ತಯಾರಿ ಇಲ್ಲ. ಈಗಿನ ಡೈಗೆ ಉಪವಾಸ ಬೇಕೇ ಬೇಕು ಅಂತೇನಿಲ್ಲ. ಬಹಳ ಸೆಂಟರಿನವರು ವಾಂತಿ ಭಯಕ್ಕೆ ಊಟ ಬೇಡ ಅಂತಾರೆ, ಅದನ್ನ ಪಾಲಿಸಿ, ಆದರೆ "ನೀರು ಕುಡಿಯಬಹುದಾ?" ಅಂತ ಬಿಡದೆ ಕೇಳಿ. ಶುಗರ್ ಇರೋರು ಬೆಳಗಿನ ಮೊದಲ ಹೊತ್ತನ್ನೇ ಕೇಳಿ ಪಡೆಯಿರಿ. ಹೃದಯ ಸೋತು ನೀರು ಅಳತೆಯಲ್ಲಿ ಕುಡಿಯೋಕೆ ಹೇಳಿಸಿಕೊಂಡವರು ಮಾತ್ರ ತಮ್ಮ ಡಾಕ್ಟರ್ ಹೇಳಿದಷ್ಟೇ ಕುಡಿಯಬೇಕು.

ಅಮ್ಮನಿಗೆ ಒಂದು ಗಂಟೆ ಮುಂಚೆ ಸಲೈನ್ ಶುರು ಮಾಡಿ, ಸ್ಕ್ಯಾನ್ ಆದ ಮೇಲೂ ಕೆಲವು ಗಂಟೆ ಮುಂದುವರಿಸಿದರು. ಜನ ಎಲ್ಲ ಬಾಟ್ಲಿಗೂ ಗ್ಲೂಕೋಸ್ ಅಂತಾರೆ, ಇದು ಉಪ್ಪಿನ ನೀರು. 43ಕ್ಕೆ ಎಲ್ಲರಿಗೂ ಇದು ಬೇಕಿಲ್ಲ, ಇವರದು ಈಗಷ್ಟೇ ಸುಧಾರಿಸಿದ ಕಿಡ್ನಿ ಅಂತ ಕೊಟ್ಟಿದ್ದು.

ಮೊಣಕೈ ಮಡಿಚೋ ಕಡೆ ದೊಡ್ಡ ನರಕ್ಕೆ ಸೂಜಿ ಹಾಕಿದ್ದೆ. ಲಿವರಿಗೆ ಡೈ ವೇಗವಾಗಿ ಹೋಗಬೇಕು, ಸೆಕೆಂಡಿಗೆ 3 ಎಂಎಲ್, ಒಟ್ಟು 80 ಎಂಎಲ್. ಅಂದರೆ ಅರ್ಧ ನಿಮಿಷದೊಳಗೆ ಮುಗೀತು. ಮುಂಗೈ ಸಣ್ಣ ನರದಲ್ಲಿ ಈ ವೇಗ ಕೊಟ್ಟರೆ ನರ ಒಡೆದು ಔಷಧಿ ಚರ್ಮದ ಕೆಳಗೆ ಸೇರಬಹುದು. ಕೈ ಉರಿದು ಊದುತ್ತಿದೆ ಅನ್ನಿಸಿದರೆ ಸಹಿಸಿಕೊಂಡು ಮಲಗಬೇಡಿ, ಕೂಗಿ. ಮೈಕಿನಲ್ಲಿ ನಿಮ್ಮ ಮಾತು ನಮಗೆ ಕೇಳುತ್ತೆ.

ಕೊಡೋ ಮುಂಚೆ ಅವರಿಗೆ ಹೇಳಿದ್ದೆ, "ಅಮ್ಮ, ಗಂಟಲಿಂದ ಕೆಳಗಿನ ತನಕ ಬಿಸಿ ಹರಿದ ಹಾಗಾಗುತ್ತೆ, ಒಂದು ಮಾಡಿಕೊಂಡ ಹಾಗೆ ಅನ್ನಿಸುತ್ತೆ, ನಿಜವಾಗಿ ಆಗಿರಲ್ಲ." ಆದರೂ ಮುಗಿದ ಮೇಲೆ ಸೀರೆ ಮುಟ್ಟಿ ನೋಡಿಕೊಂಡು ಸೊಸೆ ಕಿವಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು.

ಅದಕ್ಕೂ ಮುಂಚೆ ಪರದೆ ಮೇಲೆ ಗಂಟು ಉತ್ತರ ಕೊಟ್ಟಾಗಿತ್ತು. ಮೊದಲ ಹಂತದಲ್ಲಿ ಅಂಚಿಗೆ ಮೂರ್ನಾಲ್ಕು ಬಿಳಿ ಚುಕ್ಕೆ, ನಡುವೆ ಕತ್ತಲು. ಎರಡನೇ ಹಂತದಲ್ಲಿ ಚುಕ್ಕೆಗಳು ದಪ್ಪಗಾಗಿ ಒಳಗೆ ಸರಿದಿದ್ದವು. ಐದು ನಿಮಿಷ ಕಾಯ್ದು ತೆಗೆದ ಚಿತ್ರದಲ್ಲಿ ಹೆಚ್ಚುಕಮ್ಮಿ ಪೂರ್ತಿ ಬಿಳಿ, ಪಕ್ಕದ ರಕ್ತನಾಳದಷ್ಟೇ ಬಿಳಿ. ಹೆಮಾಂಜಿಯೋಮ. ರಿಪೋರ್ಟ್ ಬರೆಯೋದು ಡಾಕ್ಟರ್ ಕೆಲಸ, ನಾನು ಬಾಯಿ ಬಿಡಲಿಲ್ಲ, ಆದರೆ ಮಗ ನನ್ನ ಮುಖ ನೋಡಿ ಅರ್ಧ ಓದಿಕೊಂಡ ಅನ್ಸುತ್ತೆ.

ಮುಗಿದ ಮೇಲೆ ಎದ್ದು ಓಡಬೇಡಿ

ತೀವ್ರ ರಿಯಾಕ್ಷನ್ ಬಹಳ ಅಪರೂಪ, ಈಗಿನ ಡೈಗಳಲ್ಲಿ ಹತ್ತು ಸಾವಿರಕ್ಕೆ ನಾಲ್ಕರ ಆಸುಪಾಸು. ಆದರೆ ಆಗೋದಿದ್ದರೆ ಹೆಚ್ಚಿನವು ಮೊದಲ 20 ನಿಮಿಷದಲ್ಲೇ ಆಗುತ್ತವೆ. ಅದಕ್ಕೆ ಅರ್ಧ ಗಂಟೆ ಅಲ್ಲೇ ಕೂರಿಸೋದು, ಕೈಗೆ ಹಾಕಿದ ಸೂಜಿ ತೆಗೆಯದೇ ಇರೋದು. ಬಸ್ಸು ತಪ್ಪುತ್ತೆ ಅಂತ ಸೂಜಿ ತೆಗೆಸಿಕೊಂಡು ಓಡೋರಿಗೆ ನಾನು ಜಗಳ ಮಾಡಿ ಕೂರಿಸ್ತೀನಿ. ಧ್ವನಿ ಬದಲಾದರೆ, ಗಂಟಲು ಬಿಗಿದರೆ, ಪದೇ ಪದೇ ಸೀನು ಬಂದು ಮೈ ತುರಿಸೋಕೆ ಶುರುವಾದರೆ, ತಲೆ ಹಗುರ ಆಗಿ ಕಣ್ಣು ಕತ್ತಲಿಟ್ಟರೆ ತಕ್ಷಣ ಹೇಳಿ. ತೀವ್ರ ರಿಯಾಕ್ಷನ್ನಿಗೆ ಮೊದಲ ಮದ್ದು ತೊಡೆಗೆ ಕೊಡೋ ಅಡ್ರಿನಲಿನ್, ಅದು ಸ್ಕ್ಯಾನ್ ರೂಮಿನಲ್ಲೇ ಇರಬೇಕು. ಇದೆಯಾ ಅಂತ ಮೊದಲೇ ಕೇಳೋ ಹಕ್ಕು ನಿಮಗಿದೆ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಚರ್ಮದ ಮೇಲೆ ದದ್ದು ಮಾತ್ರ ಕೆಲವರಿಗೆ ತಡವಾಗಿ, ಒಂದು ವಾರದೊಳಗೆ ಯಾವಾಗಾದರೂ ಬರಬಹುದು. ಸಾಮಾನ್ಯವಾಗಿ ತಾನೇ ಇಳಿಯುತ್ತೆ, ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ.

ಅಮ್ಮನಿಗೆ ಏನೂ ಏಳಲಿಲ್ಲ. 48 ಗಂಟೆಗೆ ಕ್ರಿಯಾಟಿನಿನ್ ಮತ್ತೆ ನೋಡಿದರು. ಮೊದಲಿಗಿಂತ 0.3 ಅಥವಾ ಅದಕ್ಕಿಂತ ಜಾಸ್ತಿ ಏರಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ಬಂದಿದ್ದು 1.4. ಮೆಟ್‌ಫಾರ್ಮಿನ್ ಅವತ್ತೇ ಶುರು, ಡೈಕ್ಲೋಫಿನಾಕ್ ಶಾಶ್ವತವಾಗಿ ಬಂದ್. ಕಿಡ್ನಿ ಸರಿ ಇರೋ ಆರೋಗ್ಯವಂತರಿಗೆ ಈ ಎರಡನೇ ಟೆಸ್ಟ್ ಬೇಕಿಲ್ಲ, ಸುಮ್ನೆ ದುಡ್ಡು.

ಒಂದು ಮಾತು, ಮೇಲೆ ಹೇಳಿದ್ದೆಲ್ಲ ಕಾಯೋಕೆ ಸಮಯ ಇರೋ ಸ್ಕ್ಯಾನಿಗೆ. ಅಪಘಾತವಾಗಿ ಹೊಟ್ಟೆಯೊಳಗೆ ರಕ್ತ ಸುರೀತಿದೆ, ಶ್ವಾಸಕೋಶದಲ್ಲಿ ಹೆಪ್ಪು ಕೂತಿದೆ ಅನ್ನೋ ಅನುಮಾನ ಇದೆ ಅಂದರೆ ಡಾಕ್ಟರು ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯದೇ ಡೈ ಕೊಡಬಹುದು, ಆಗ ತಡೆಯಬೇಡಿ. ಇನ್ನು ಡಯಾಲಿಸಿಸ್ ಮೇಲಿದ್ದು ಮೂತ್ರವೇ ಬರದವರಲ್ಲಿ ಉಳಿಸೋಕೆ ಕಿಡ್ನಿ ಶಕ್ತಿಯೇ ಇರಲ್ಲ, ಹಾಗಾಗಿ ಡೈ ಕೊಡಬಹುದು, ಅದಕ್ಕಾಗಿಯೇ ಅವತ್ತು ಹೆಚ್ಚಿನ ಡಯಾಲಿಸಿಸ್ ಮಾಡಿಸಬೇಕು ಅಂತಿಲ್ಲ. ಇನ್ನೂ ಸ್ವಲ್ಪ ಮೂತ್ರ ಬರೋರು ಮಾತ್ರ ತಮ್ಮ ಕಿಡ್ನಿ ಡಾಕ್ಟರನ್ನ ಕೇಳಲಿ.

ಹೊರಡೋ ಮುಂಚೆ ಒಂದು ಗಟ್ಟಿ ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಟ್ಟೆ. ಅಯೋಹೆಕ್ಸಾಲ್: ಹತ್ತು ನಿಮಿಷಕ್ಕೆ ಗಂಧೆ, ಉಸಿರಿಗೆ ತೊಂದರೆ ಇಲ್ಲ. ಅಯೋಪಮಿಡಾಲ್ 80 ಎಂಎಲ್: ಏನೂ ಆಗಲಿಲ್ಲ, ತಾರೀಕು. ಕ್ರಿಯಾಟಿನಿನ್ ಎಂದಿನದು 1.3–1.4. ನೋವಿನ ಗುಳಿಗೆ ಬೇಡ. ಸೊಸೆ ಅದರ ಫೋಟೋ ತೆಗೆದುಕೊಂಡು, ಕೆಳಗೆ ಖಾಲಿ ಬಾಟ್ಲಿಯ ಲೇಬಲ್ಲನ್ನೂ ತೆಗೆದುಕೊಂಡರು. ನಿಮ್ಮ ಸೆಂಟರಿನವರು ಬರೆದುಕೊಡದಿದ್ದರೆ ಆ ಲೇಬಲ್ಲಿನ ಫೋಟೋ ಕೇಳಿ ಪಡೆಯಿರಿ. ಕಾಗದವನ್ನ ಅಮ್ಮ ಮಡಿಚಿ ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡರು, ಸುಣ್ಣ ಮೆತ್ತಿಕೊಳ್ಳುತ್ತೆ ಅಂತ ಮಗ ಗೊಣಗಿದ್ದಕ್ಕೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟು ಕಳಿಸಿದೆ.